ಕ್ರೆಡಿಟ್ ಕಾರ್ಡಿನ ‘ಮಿನಿಮಮ್’ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ವರ್ಷ ಬೇಕು?

‘ಮಿನಿಮಮ್ ಕಟ್ಟಿಬಿಟ್ಟರೆ ಆಯ್ತು, ಬಡ್ಡಿ ಬೀಳಲ್ಲ.’ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡವರ ಬಾಯಲ್ಲಿ ನಾವು ಪದೇ ಪದೇ ಕೇಳುವ ಮಾತಿದು. ಕಡೂರಿನ ಅಂಗಡಿಯವರು, ತರೀಕೆರೆಯ ಅಡಿಕೆ ಬೆಳೆಗಾರರು, ಅಜ್ಜಂಪುರದಿಂದ ದಿನಾ ಓಡಾಡುವ ನೌಕರರು, ಯಾರೇ ಆಗಲಿ, ಬಿಲ್ಲಿನಲ್ಲಿ ದೊಡ್ಡ ಮೊತ್ತದ ಕೆಳಗೇ ಒಂದು ಚಿಕ್ಕ ಮೊತ್ತ ಕಂಡಾಗ ನಿಟ್ಟುಸಿರು ಬಿಡುವುದು ಸಹಜ. 50,000 ಕೊಡಬೇಕಾದ ಕಡೆ 2,500 ಕೊಟ್ಟರೆ ಸಾಕು ಎಂದು ಬ್ಯಾಂಕೇ ಹೇಳುತ್ತಿದೆಯಲ್ಲ!

ಈ ನಂಬಿಕೆ ತಪ್ಪು. ಮಿನಿಮಮ್ ಕಟ್ಟಿದರೆ ತಪ್ಪುವುದು ತಡಪಾವತಿಯ ದಂಡ ಮತ್ತು ಸಿಬಿಲ್ ಅಂಕಕ್ಕೆ ಬೀಳುವ ಏಟು ಮಾತ್ರ. ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇ. 3.5 ಬಡ್ಡಿಯ ಕಾರ್ಡಿನಲ್ಲಿ 50,000 ರೂಪಾಯಿ ಬಾಕಿಗೆ ಪ್ರತಿ ತಿಂಗಳೂ ಶೇ. 5ರ ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು 22 ವರ್ಷಕ್ಕಿಂತ ಹೆಚ್ಚು ಬೇಕು, ಒಟ್ಟು ಕಟ್ಟುವ ಹಣ 2 ಲಕ್ಷ ದಾಟುತ್ತದೆ. ಇದು ಹೇಗಾಗುತ್ತದೆ ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಬಿಲ್ಲಿನಲ್ಲಿರುವ ಎರಡು ಮೊತ್ತಗಳು

ಕಾರ್ಡಿನ ಬಿಲ್ಲಿನಲ್ಲಿ ಎರಡು ಅಂಕಿಗಳು ಅಕ್ಕಪಕ್ಕ ಇರುತ್ತವೆ. ಒಂದು ‘ಟೋಟಲ್ ಅಮೌಂಟ್ ಡ್ಯೂ’, ಅಂದರೆ ಬಿಲ್ ತಯಾರಾದ ದಿನಕ್ಕೆ ನೀವು ಕೊಡಬೇಕಾದ ಪೂರ್ತಿ ಬಾಕಿ. ಇನ್ನೊಂದು ‘ಮಿನಿಮಮ್ ಅಮೌಂಟ್ ಡ್ಯೂ’, ಅಂದರೆ ಖಾತೆ ‘ಸುಸ್ತಿ’ ಆಗದಂತೆ ಉಳಿಸಿಕೊಳ್ಳಲು ಕೊಡಲೇಬೇಕಾದ ಕನಿಷ್ಠ ಹಣ.

ಬಹಳ ಕಾಲದಿಂದ ಹೆಚ್ಚಿನ ಬ್ಯಾಂಕುಗಳು ಈ ಕನಿಷ್ಠ ಮೊತ್ತವನ್ನು ಬಾಕಿಯ ಶೇ. 5 ಎಂದು ಲೆಕ್ಕ ಹಾಕುತ್ತಾ ಬಂದಿವೆ. ಬಾಕಿ ತೀರಾ ಕಡಿಮೆಯಾದಾಗ 200 ರೂಪಾಯಿಯಂಥ ಒಂದು ತಳಮಿತಿ ಇರುತ್ತದೆ. ಕೆಲವು ಬ್ಯಾಂಕುಗಳ ಸೂತ್ರ ಬೇರೆ: ಆ ತಿಂಗಳ ಬಡ್ಡಿ, ತೆರಿಗೆ, ಶುಲ್ಕ, ಕಂತು ಇದ್ದರೆ ಕಂತು, ಇವೆಲ್ಲ ಪೂರ್ತಿ, ಅದರ ಮೇಲೆ ಅಸಲಿನ ಶೇ. 2ರಷ್ಟು. ನಿಮ್ಮ ಕಾರ್ಡಿನದು ಯಾವ ಸೂತ್ರ ಎಂಬುದು ಕಾರ್ಡಿನ ಜೊತೆ ಬಂದ ‘ಮುಖ್ಯ ನಿಯಮ ಮತ್ತು ಷರತ್ತುಗಳು’ ಎಂಬ ಕಾಗದದಲ್ಲಿ ಇರುತ್ತದೆ.

ನೀವು ಕಟ್ಟಿದ ಹಣ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದು ಇಲ್ಲಿ ಮುಖ್ಯ. ಸಾಮಾನ್ಯವಾಗಿ ಅದು ಮೊದಲು ತೆರಿಗೆಗೆ, ಆಮೇಲೆ ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ಉಳಿದದ್ದು ಅಸಲಿಗೆ ಜಮಾ ಆಗುತ್ತದೆ. ಮಿನಿಮಮ್ ಚಿಕ್ಕದಾಗಿರುವುದರಿಂದ ಅಸಲಿನ ಬಾಗಿಲಿಗೆ ಬರುವ ಹೊತ್ತಿಗೆ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ?

ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಯಾರೂ ಹೇಳುವುದಿಲ್ಲ. ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತೇವೆ. ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ಅಥವಾ ಮೂರು ರೂಪಾಯಿ. ಕ್ರೆಡಿಟ್ ಕಾರ್ಡನ್ನೂ ಇದೇ ಅಳತೆಗೆ ತಂದು ನೋಡಿದರೆ ವಿಷಯ ಬೇಗ ತಿಳಿಯುತ್ತದೆ.

ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5ರಿಂದ 3.75ರ ಆಸುಪಾಸಿನಲ್ಲಿದೆ. ಶೇ. 3.5 ಅಂದರೆ ನೂರಕ್ಕೆ ಮೂರೂವರೆ ರೂಪಾಯಿ, ವರ್ಷಕ್ಕೆ ಶೇ. 42. ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಬೇರೆ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ, ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಸಿಗುವುದಿಲ್ಲ. ಬಡ್ಡಿಯ ಮೇಲೆ ಶೇ. 18 ತೆರಿಗೆ ಬೀಳುತ್ತದೆ. ಮೂರೂವರೆ ರೂಪಾಯಿಗೆ 63 ಪೈಸೆ ತೆರಿಗೆ ಸೇರಿದರೆ ನೂರಕ್ಕೆ 4 ರೂಪಾಯಿ 13 ಪೈಸೆ ಆಯಿತು. ವರ್ಷಕ್ಕೆ ಶೇ. 49.56.

ಯಾರಾದರೂ ‘ನಾಲ್ಕು ರೂಪಾಯಿ ಬಡ್ಡಿಗೆ ದುಡ್ಡು ಕೊಡ್ತೀನಿ’ ಎಂದರೆ ನಾವು ಎರಡು ಸಲ ಯೋಚಿಸುತ್ತೇವೆ. ಕಾರ್ಡಿನಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೂ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಬಿಲ್ಲಿನಲ್ಲಿ ಕಣ್ಣಿಗೆ ಬೀಳುವುದು ಬಡ್ಡಿಯ ದರವಲ್ಲ, ಮಿನಿಮಮ್ ಎಂಬ ಚಿಕ್ಕ ಮೊತ್ತ.

ಮೊದಲ ಬಿಲ್: 2,500 ಕಟ್ಟಿದ ಮೇಲೂ ಬಾಕಿ ಏರುವುದು ಹೇಗೆ?

ಈಗ ಉದಾಹರಣೆ. ತರೀಕೆರೆಯ ಒಬ್ಬ ಅಡಿಕೆ ಬೆಳೆಗಾರರ ತೋಟದ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು ಎಂದಿಟ್ಟುಕೊಳ್ಳೋಣ. ಜುಲೈ 5ರಂದು ಅವರು ಹೊಸ ಮೋಟರ್, ಕೇಬಲ್, ಪೈಪ್ ಎಲ್ಲ ಸೇರಿ 50,000 ರೂಪಾಯಿಯನ್ನು ಕಾರ್ಡಿನಲ್ಲಿ ಕೊಟ್ಟರು. ಬಿಲ್ ತಯಾರಾಗುವುದು ಪ್ರತಿ ತಿಂಗಳ 20ಕ್ಕೆ, ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 9. ಜುಲೈ 20ರ ಬಿಲ್ಲಿನಲ್ಲಿ ಪೂರ್ತಿ ಬಾಕಿ 50,000, ಮಿನಿಮಮ್ 2,500.

ಆಗಸ್ಟ್ 9ರೊಳಗೆ 50,000 ಪೂರ್ತಿ ಕಟ್ಟಿದ್ದರೆ ಒಂದು ಪೈಸೆ ಬಡ್ಡಿ ಇಲ್ಲ. ಇದೇ ಕಾರ್ಡಿನ ‘ಬಡ್ಡಿರಹಿತ ಅವಧಿ’. ಈ ಅವಧಿಗೆ ಒಂದು ಷರತ್ತಿದೆ, ಪೂರ್ತಿ ಕಟ್ಟಿದರೆ ಮಾತ್ರ ಅದು ಸಿಗುತ್ತದೆ. ಸ್ವಲ್ಪ ಉಳಿಸಿಕೊಂಡರೂ ಆ ಅವಧಿಯೇ ಇರಲಿಲ್ಲ ಎಂಬಂತೆ ಬಡ್ಡಿ ಹಿಂದಕ್ಕೆ ಹೋಗಿ, ಖರೀದಿ ಮಾಡಿದ ದಿನದಿಂದ ಶುರುವಾಗುತ್ತದೆ.

ನಮ್ಮ ಬೆಳೆಗಾರರು ಆಗಸ್ಟ್ 9ರಂದು 2,500 ಕಟ್ಟಿದರು. ಮುಂದಿನ ಬಿಲ್ಲಿನಲ್ಲಿ ಬಡ್ಡಿ ಹೀಗೆ ಬೀಳುತ್ತದೆ. ಜುಲೈ 5ರಿಂದ ಆಗಸ್ಟ್ 8ರವರೆಗೆ 35 ದಿನ, ಪೂರ್ತಿ 50,000ಕ್ಕೆ: ಸುಮಾರು 2,014 ರೂಪಾಯಿ. ಆಗಸ್ಟ್ 9ರಿಂದ 20ರವರೆಗೆ 12 ದಿನ, ಉಳಿದ 47,500ಕ್ಕೆ: ಸುಮಾರು 656 ರೂಪಾಯಿ. ಎರಡೂ ಸೇರಿ 2,670. ಅದರ ಮೇಲೆ ಶೇ. 18 ಜಿಎಸ್‌ಟಿ 480. ಒಟ್ಟು 3,150 ರೂಪಾಯಿ.

ಹಾಗಾಗಿ ಆಗಸ್ಟ್ 20ರ ಬಿಲ್ಲಿನಲ್ಲಿ ಬಾಕಿ 47,500 ಇರುವುದಿಲ್ಲ, 50,650 ಇರುತ್ತದೆ. 2,500 ಕಟ್ಟಿದ ಮೇಲೆ, ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ಬಾಕಿ 650 ರೂಪಾಯಿ ಏರಿದೆ. ‘ಬ್ಯಾಂಕಿನವರು ತಪ್ಪು ಲೆಕ್ಕ ಹಾಕಿದ್ದಾರೆ’ ಎಂದು ಹಲವರು ಫೋನ್ ಮಾಡಿ ಜಗಳಕ್ಕಿಳಿಯುವುದು ಈ ಹಂತದಲ್ಲೇ. ಲೆಕ್ಕ ತಪ್ಪಿರುವುದಿಲ್ಲ. ಕಳೆದುಕೊಂಡ ಬಡ್ಡಿರಹಿತ ದಿನಗಳ ಬೆಲೆ ಅದು.

ಇನ್ನೊಂದು ಪರಿಣಾಮ ಇನ್ನೂ ಹೆಚ್ಚು ಜನರಿಗೆ ಗೊತ್ತಿಲ್ಲ. ಹಳೆಯ ಬಾಕಿ ಉಳಿದಿರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಇರುವುದಿಲ್ಲ. ಅದೇ ಕಾರ್ಡಿನಲ್ಲಿ ಕಡೂರಿನ ಬಂಕಿನಲ್ಲಿ ಹಾಕಿಸಿದ 500 ರೂಪಾಯಿ ಪೆಟ್ರೋಲಿಗೂ ಅಂದಿನಿಂದಲೇ ಬಡ್ಡಿ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದರಂತೂ ಹಳೆಯ ಬಾಕಿ ಇರಲಿ ಬಿಡಲಿ, ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ ಬೇರೆ.

22 ವರ್ಷದ ಲೆಕ್ಕ

ಮೊದಲ ತಿಂಗಳ ಈ ಏರಿಳಿತವನ್ನು ಪಕ್ಕಕ್ಕಿಟ್ಟು ಮುಂದಿನ ದಾರಿ ನೋಡೋಣ. ಲೆಕ್ಕ ಸರಳವಾಗಲಿ ಎಂದು ಬಾಕಿ 50,000 ಎಂದೇ ಇಟ್ಟುಕೊಳ್ಳುತ್ತೇವೆ. ಬೆಳೆಗಾರರು ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ಹೊಸ ಖರೀದಿ ಒಂದೂ ಇಲ್ಲ. ಪ್ರತಿ ತಿಂಗಳೂ ಶೇ. 5ರ ಮಿನಿಮಮ್ ತಪ್ಪದೆ ಕಟ್ಟುತ್ತಾರೆ.

ಮೊದಲ ತಿಂಗಳು 2,500 ಕಟ್ಟಿದರು. ಉಳಿದದ್ದು 47,500. ಅದಕ್ಕೆ ತಿಂಗಳ ಬಡ್ಡಿ 1,662.50, ಜಿಎಸ್‌ಟಿ 299.25, ಸೇರಿ 1,961.75. ಮುಂದಿನ ಬಿಲ್ 49,461.75. ಅಂದರೆ ಜೇಬಿನಿಂದ ಹೋದದ್ದು 2,500, ಸಾಲ ಇಳಿದದ್ದು ಬರೀ 538 ರೂಪಾಯಿ.

ಎರಡನೆಯ ತಿಂಗಳ ಮಿನಿಮಮ್ 49,461ರ ಶೇ. 5, ಅಂದರೆ 2,473. ಮೂರನೆಯ ತಿಂಗಳು 2,446. ಸಾಲ ಇಳಿದಂತೆ ಮಿನಿಮಮ್ ಕೂಡ ಇಳಿಯುತ್ತದೆ. ಕಟ್ಟುವವರಿಗೆ ಇದು ಹಿತವಾಗಿಯೇ ಇರುತ್ತದೆ. ಆದರೆ ಇಡೀ ಸಮಸ್ಯೆಯ ಬೇರು ಇಲ್ಲೇ ಇದೆ. ಸಾಲ ಎಷ್ಟು ಕರಗಿತೋ ಅದಕ್ಕೆ ತಕ್ಕಂತೆ ಕಂತನ್ನೂ ಕರಗಿಸುತ್ತಾ ಹೋದರೆ, ಸಾಲ ಪ್ರತಿ ತಿಂಗಳೂ ಶೇ. 1ರಷ್ಟೇ ಕಡಿಮೆಯಾಗುತ್ತಿರುತ್ತದೆ. ನೂರರಲ್ಲಿ ಒಂದು, ಉಳಿದ 99ರಲ್ಲಿ ನೂರನೆಯ ಒಂದು ಭಾಗ, ಮತ್ತೆ ಉಳಿದದ್ದರಲ್ಲಿ ನೂರನೆಯ ಒಂದು ಭಾಗ. ಹೀಗೆ ಕಳೆಯುತ್ತಾ ಹೋದರೆ ಸೊನ್ನೆ ಮುಟ್ಟುವುದು ಯಾವಾಗ?

ಒಂದು ವರ್ಷ ಮುಗಿಯುವಾಗ 12 ಸಲ ಕಟ್ಟಿದ್ದು ಒಟ್ಟು ಸುಮಾರು 28,300 ರೂಪಾಯಿ. ಬಾಕಿ ಇನ್ನೂ 43,900. 28 ಸಾವಿರ ಕಟ್ಟಿ 6 ಸಾವಿರ ಸಾಲ ತೀರಿಸಿದಂತಾಯಿತು.

ಸಾಲ ಅರ್ಧಕ್ಕೆ, ಅಂದರೆ 25,000ಕ್ಕೆ ಇಳಿಯುವುದು 64 ತಿಂಗಳಿಗೆ, 5 ವರ್ಷ 4 ತಿಂಗಳಿಗೆ. ಅಷ್ಟರಲ್ಲಿ ಕಟ್ಟಿದ ಮೊತ್ತ ಸುಮಾರು 1 ಲಕ್ಷ 16 ಸಾವಿರ. ಮೋಟರಿನ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟಾಗಿದೆ, ಆದರೂ ಅರ್ಧ ಮೋಟರ್ ಇನ್ನೂ ಬ್ಯಾಂಕಿನದೇ.

ಬಾಕಿ 4,000ಕ್ಕಿಂತ ಕೆಳಗಿಳಿಯಲು 234 ತಿಂಗಳು ಬೇಕು. ಅಲ್ಲಿಂದ ತಳಮಿತಿಯ 200 ರೂಪಾಯಿ ಕೆಲಸಕ್ಕೆ ಬರುತ್ತದೆ, ಮತ್ತೆ ಮೂರು ವರ್ಷ ಚಿಲ್ಲರೆಯಲ್ಲಿ ಸಾಲ ಮುಗಿಯುತ್ತದೆ. ಎಲ್ಲ ಸೇರಿ ಸುಮಾರು 22 ವರ್ಷ 9 ತಿಂಗಳು. ಕಟ್ಟಿದ ಒಟ್ಟು ಹಣ ಸುಮಾರು 2 ಲಕ್ಷ 21 ಸಾವಿರ. ಅದರಲ್ಲಿ ಬಡ್ಡಿ ಮತ್ತು ತೆರಿಗೆಯೇ 1 ಲಕ್ಷ 71 ಸಾವಿರ. ಅಷ್ಟು ವರ್ಷ ಆ ಮೋಟರೇ ಬಾಳಿಕೆ ಬರುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ‘ಚಕ್ರಬಡ್ಡಿಯಿಂದ ಹೀಗಾಗುತ್ತದೆ’ ಎಂದು ಹಲವರು ಹೇಳುತ್ತಾರೆ. ಮೇಲಿನ ಲೆಕ್ಕದಲ್ಲಿ ಬಡ್ಡಿಗೆ ಬಡ್ಡಿ ಬಿದ್ದೇ ಇಲ್ಲ. ಪ್ರತಿ ತಿಂಗಳ ಮಿನಿಮಮ್ ಆ ತಿಂಗಳ ಬಡ್ಡಿ, ತೆರಿಗೆಯನ್ನು ಪೂರ್ತಿ ತೀರಿಸಿದೆ. ಆದರೂ 22 ವರ್ಷ ಹಿಡಿಯಿತು. ಕಾರಣ, ದೊಡ್ಡ ದರದ ಬಡ್ಡಿ ಕಂತಿನ ಬಹುಪಾಲನ್ನು ತಿಂದು, ಅಸಲಿಗೆ ಐದನೇ ಒಂದು ಪಾಲಿನಷ್ಟೇ ಬಿಡುತ್ತದೆ.

ಬಡ್ಡಿ, ತೆರಿಗೆ ಪೂರ್ತಿ ಮತ್ತು ಅಸಲಿನ ಶೇ. 2 ಎಂಬ ಇನ್ನೊಂದು ಸೂತ್ರದ ಕಾರ್ಡಿನಲ್ಲಿ ಗತಿ ಸ್ವಲ್ಪ ಚುರುಕು. ಅಲ್ಲಿ ಸಾಲ ಅರ್ಧವಾಗಲು ಸುಮಾರು 35 ತಿಂಗಳು ಸಾಕು. ಆದರೆ 25,000 ಅಸಲು ತೀರಿಸಲು ಅಲ್ಲೂ ಬಡ್ಡಿ, ತೆರಿಗೆಗೆ ಸುಮಾರು 50,000 ಹೋಗಿರುತ್ತದೆ.

ಅದೇ 2,500, ಆದರೆ ಇಳಿಸದೆ

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಬೆಳೆಗಾರರು ಮೊದಲ ತಿಂಗಳು ಹೇಗೂ 2,500 ಕಟ್ಟಿದ್ದಾರೆ. ಎರಡನೆಯ ತಿಂಗಳ ಬಿಲ್ 2,473 ಸಾಕು ಎಂದರೂ ಅವರು 2,500 ಕಟ್ಟುತ್ತಾರೆ. ಆಮೇಲೆ ಬಿಲ್ ಎಷ್ಟೇ ಕೇಳಲಿ, ತಿಂಗಳಿಗೆ 2,500 ಎಂದು ಗಟ್ಟಿ ಹಿಡಿಯುತ್ತಾರೆ.

ಎರಡನೆಯ ತಿಂಗಳು ವ್ಯತ್ಯಾಸ ಬರೀ 27 ರೂಪಾಯಿ, ಒಂದೆರಡು ಟೀ ದುಡ್ಡು. ಕೊನೆಗೆ ಆಗುವ ವ್ಯತ್ಯಾಸ ಈ ಪಟ್ಟಿಯಲ್ಲಿದೆ.

| ಕಟ್ಟುವ ಬಗೆ | ತೀರಲು ಬೇಕಾದ ಕಾಲ | ಒಟ್ಟು ಕಟ್ಟುವ ಹಣ | ಅದರಲ್ಲಿ ಬಡ್ಡಿ, ತೆರಿಗೆ |
|---|---|---|---|
| ಮಿನಿಮಮ್ ಮಾತ್ರ (ಶೇ. 5) | 22 ವರ್ಷ 9 ತಿಂಗಳು | ಸುಮಾರು 2,21,400 | ಸುಮಾರು 1,71,400 |
| ಪ್ರತಿ ತಿಂಗಳು 2,500 | 39 ಕಂತು | ಸುಮಾರು 97,400 | ಸುಮಾರು 47,400 |
| ಪ್ರತಿ ತಿಂಗಳು 5,000 | 13 ಕಂತು | ಸುಮಾರು 62,400 | ಸುಮಾರು 12,400 |

22 ವರ್ಷದ ಸಾಲ ಮೂರು ವರ್ಷ ಮೂರು ತಿಂಗಳಿಗೆ ಇಳಿಯಿತು. ಮೊದಲ ತಿಂಗಳು ಕೊಟ್ಟಷ್ಟನ್ನೇ ಕೊನೆಯವರೆಗೂ ಕೊಟ್ಟದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಕಂತು ಸ್ಥಿರವಾಗಿದ್ದಾಗ ಪ್ರತಿ ತಿಂಗಳೂ ಬಡ್ಡಿಯ ಪಾಲು ಕುಗ್ಗುತ್ತದೆ, ಹಾಗೆ ಕುಗ್ಗಿದಷ್ಟೂ ಅಸಲಿನ ಪಾಲಿಗೆ ಸೇರುತ್ತದೆ. ಮಿನಿಮಮ್ ಕಟ್ಟುವವರಿಗೆ ಆ ಲಾಭ ಸಿಗುವುದಿಲ್ಲ, ಏಕೆಂದರೆ ಉಳಿದ ಹಣವನ್ನು ಕಂತು ಇಳಿಸಿ ವಾಪಸ್ ಜೇಬಿಗೆ ಹಾಕಿಕೊಂಡಿರುತ್ತಾರೆ.

ತಿಂಗಳಿಗೆ 5,000 ಕಟ್ಟಲು ಸಾಧ್ಯವಾದರೆ ಬಡ್ಡಿ 12 ಸಾವಿರದ ಆಸುಪಾಸಿಗೆ ಬರುತ್ತದೆ. ಕಂತು ಎರಡು ಪಟ್ಟು ಮಾಡಿದರೆ ಬಡ್ಡಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಕಿಸಾನ್ ಕಾರ್ಡಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹಲವು ಮನೆಗಳಲ್ಲಿ ‘ಕಾರ್ಡ್’ ಎಂದರೆ ಮೊದಲು ನೆನಪಾಗುವುದು ಕಿಸಾನ್ ಕ್ರೆಡಿಟ್ ಕಾರ್ಡ್. 1998ರಲ್ಲಿ ಶುರುವಾದ ಈ ಯೋಜನೆಯ ಲೆಕ್ಕಾಚಾರ ಬೆಳೆಯ ಗತಿಗೆ ಹೊಂದಿಕೊಂಡಿದೆ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ವರ್ಷಕ್ಕೆ ಶೇ. 7 ಬಡ್ಡಿ, ಹೇಳಿದ ಹೊತ್ತಿಗೆ ತೀರಿಸಿದರೆ ಶೇ. 3 ರಿಯಾಯಿತಿ ಕಳೆದು ಶೇ. 4. ಸಹಕಾರ ಸಂಘಗಳ ಮೂಲಕ ಸಿಗುವ ಅಲ್ಪಾವಧಿ ಬೆಳೆ ಸಾಲಕ್ಕಂತೂ ಕರ್ನಾಟಕದಲ್ಲಿ ಬಡ್ಡಿಯೇ ಇಲ್ಲ, ಅದರ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು.

ಅಲ್ಲಿ ತಿಂಗಳ ಕಂತಿಲ್ಲ. ಅಡಿಕೆ ಮಾರಿದಾಗ, ಈರುಳ್ಳಿ ಬಂದಾಗ, ಕೊಬ್ಬರಿ ಕೊಟ್ಟಾಗ ವರ್ಷಕ್ಕೊಮ್ಮೆ ಕಟ್ಟಿ, ಮತ್ತೆ ತೆಗೆದು ‘ರಿನ್ಯೂವಲ್’ ಮಾಡಿಸಿದರೆ ಸಾಕು. ‘ಫಸಲು ಬಂದಾಗ ನೋಡೋಣ’ ಎಂಬ ಮಾತು ಅಲ್ಲಿ ಸರಿಯೇ.

ಇದೇ ಅಭ್ಯಾಸವನ್ನು ಸಾಮಾನ್ಯ ಕ್ರೆಡಿಟ್ ಕಾರ್ಡಿಗೂ ತಂದಾಗ ಎಡವಟ್ಟಾಗುತ್ತದೆ. ಹೆಸರಿನಲ್ಲಿ ‘ಕ್ರೆಡಿಟ್ ಕಾರ್ಡ್’ ಎಂಬುದು ಒಂದೇ ಆದರೂ ಒಂದರ ಬಡ್ಡಿ ವರ್ಷಕ್ಕೆ ಶೇ. 4, ಇನ್ನೊಂದರದು ತೆರಿಗೆ ಸೇರಿ ಸುಮಾರು ಶೇ. 50. ಮಿನಿಮಮ್ ಕಟ್ಟುತ್ತಾ ಮುಂದಿನ ಕೊಯ್ಲಿನವರೆಗೆ ದೂಡೋಣ ಎಂದು ಒಂದು ವರ್ಷ ಕಳೆದರೆ ಏನಾಗುತ್ತದೆ ನೋಡಿ. ನಮ್ಮ ಉದಾಹರಣೆಯಲ್ಲಿ 12 ಮಿನಿಮಮ್ ಸೇರಿ 28,300 ಹೋಯಿತು. ಅಡಿಕೆ ದುಡ್ಡು ಬಂದ ದಿನ ಉಳಿದ 43,900 ಒಟ್ಟಿಗೆ ಕಟ್ಟಿದರು. ಒಟ್ಟು 72,200. ಒಂದು ವರ್ಷ ದೂಡಿದ್ದಕ್ಕೆ ತೆತ್ತ ಬೆಲೆ 22,200 ರೂಪಾಯಿ.

ಹಾಗಾದರೆ ಕೊಯ್ಲಿನವರೆಗೆ ಕಾಯುವವರು ಏನು ಮಾಡಬಹುದು?

ಸಂಬಳ ಬರುವ ಮನೆಗೆ ಸ್ಥಿರ ಕಂತಿನ ದಾರಿ ಸಾಕು. ವರ್ಷಕ್ಕೊಮ್ಮೆ ಹಣ ಕಾಣುವ ಮನೆಗೆ ಮಾಡಬೇಕಾದ್ದು ಇನ್ನೊಂದು: ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸುವುದು.

ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಚಿನ್ನ ಅಡವಿಟ್ಟು 50,000 ತಂದು ಕಾರ್ಡನ್ನು ಪೂರ್ತಿ ತೀರಿಸಿದರು ಎಂದಿಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ. 10 ಇದ್ದರೆ, ವರ್ಷದ ಕೊನೆಗೆ ಒಟ್ಟಿಗೆ ಕಟ್ಟಿದರೂ ಬಡ್ಡಿ 5,000. ಮೇಲಿನ 22,200ರ ಜಾಗದಲ್ಲಿ 5,000. ಅಪಾಯ ಇಲ್ಲವೆಂದಲ್ಲ. ಕಾರ್ಡಿನ ಸಾಲಕ್ಕೆ ಒತ್ತೆಯಿಲ್ಲ, ಚಿನ್ನದ ಸಾಲ ತೀರಿಸದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಕೊಯ್ಲಿನ ದುಡ್ಡು ಬರುವುದು ಖಚಿತವಿದ್ದರೆ ಮಾತ್ರ ಇದು ಸರಿ. ಇನ್ನೊಂದು ಅಪಾಯ, ಖಾಲಿಯಾದ ಕಾರ್ಡಿನಲ್ಲಿ ಮತ್ತೆ ಖರೀದಿಗೆ ಇಳಿಯುವುದು. ಹಾಗಾದರೆ ಒಂದು ಸಾಲ ಇದ್ದ ಕಡೆ ಎರಡು.

ಇನ್ನೊಂದು ದಾರಿ, ಬಾಕಿಯನ್ನು ಕಂತಿಗೆ ಬದಲಿಸಿಕೊಡಿ ಎಂದು ಕಾರ್ಡ್ ಕೊಟ್ಟ ಬ್ಯಾಂಕನ್ನೇ ಕೇಳುವುದು. ಇದರ ದರ ಸಾಮಾನ್ಯವಾಗಿ ಕಾರ್ಡಿನ ಮಾಮೂಲಿ ಬಡ್ಡಿಗಿಂತ ಬಹಳ ಕಡಿಮೆ ಇರುತ್ತದೆ. ವರ್ಷಕ್ಕೆ ಶೇ. 18 ಎಂದಾದರೆ 12 ತಿಂಗಳಿಗೆ ಕಂತು ಸುಮಾರು 4,584. ಒಟ್ಟು 55,000, ಬಡ್ಡಿಯ ಮೇಲಿನ ಜಿಎಸ್‌ಟಿ 900, ಜೊತೆಗೆ ಒಂದು ಸಲದ ಪ್ರೊಸೆಸಿಂಗ್ ಶುಲ್ಕ. ಕಂತಿನ ಮೊತ್ತ ತಿಂಗಳ ಮಿನಿಮಮ್‌ಗೆ ಸೇರಿಕೊಳ್ಳುತ್ತದೆ, ಹಾಗಾಗಿ ತಪ್ಪಿಸಿದರೆ ದಂಡ ಬೀಳುತ್ತದೆ ಎಂಬುದು ನೆನಪಿರಲಿ.

ಯಾವ ದಾರಿ ಹಿಡಿದರೂ ಒಂದು ಮಾತು: ಕಾರ್ಡಿನ ಬಡ್ಡಿ ದಿನದ ಲೆಕ್ಕ. 50,000 ಬಾಕಿಗೆ ತೆರಿಗೆ ಸೇರಿ ದಿನಕ್ಕೆ ಸುಮಾರು 68 ರೂಪಾಯಿ. ಕೊನೆಯ ದಿನಾಂಕ ಇನ್ನೂ 15 ದಿನ ಇದೆ ಎಂದು ಕೈಗೆ ಬಂದ ಹಣ ಇಟ್ಟುಕೊಂಡು ಕೂರುವುದರಲ್ಲಿ ಲಾಭವಿಲ್ಲ. ಬಾಕಿ ಉಳಿದವರಿಗೆ ಆ ದಿನಾಂಕ ದಂಡದ ಗಡಿ ಮಾತ್ರ, ಬಡ್ಡಿಯ ಗಡಿಯಲ್ಲ.

ಕಾನೂನು ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಹೊರಡಿಸಿದ ಕಾರ್ಡುಗಳ ಕುರಿತ ನಿರ್ದೇಶನದಲ್ಲಿ ನಮಗೆ ಬೇಕಾದ ಮೂರು ಅಂಶಗಳಿವೆ. ಮಿನಿಮಮ್ ಮಾತ್ರ ಕಟ್ಟಿದರೆ ಮರುಪಾವತಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಪ್ರತಿ ಬಿಲ್ಲಿನಲ್ಲೂ ಮುದ್ರಿಸಬೇಕು. ಮಿನಿಮಮ್ ಕಟ್ಟಿದ ಮೇಲೂ ಸಾಲ ಬೆಳೆಯುತ್ತಾ ಹೋಗುವಷ್ಟು ಕಡಿಮೆ ಮಿನಿಮಮ್ ಇಡಬಾರದು. ಕಟ್ಟದೆ ಉಳಿದ ಶುಲ್ಕ, ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದು.

ಎರಡನೆಯ ಅಂಶ ಏಕೆ ಬೇಕಾಯಿತು ಎಂಬುದು ನಮ್ಮ ಉದಾಹರಣೆಯ ಆಗಸ್ಟ್ ಬಿಲ್ಲಿನಲ್ಲೇ ಕಾಣುತ್ತದೆ. ಅಲ್ಲಿ 50,650ರ ಶೇ. 5 ಎಂದರೆ 2,532. ಆದರೆ ಆ ತಿಂಗಳ ಬಡ್ಡಿ, ತೆರಿಗೆಯೇ 3,150. ಬರೀ ಶೇ. 5 ಕೇಳಿದರೆ ಬಡ್ಡಿಯೂ ತೀರುವುದಿಲ್ಲ. ಬಡ್ಡಿ, ತೆರಿಗೆ ಪೂರ್ತಿ ಸೇರಿಸಿ ಮಿನಿಮಮ್ ಲೆಕ್ಕ ಹಾಕುವ ಸೂತ್ರ ಈ ತೊಡಕಿಗೆ ಉತ್ತರ. ನಿಮ್ಮ ಮಿನಿಮಮ್ ಹಿಂದಿಗಿಂತ ಒಮ್ಮೆಲೇ ಹೆಚ್ಚಾಗಿದ್ದರೆ ಇದೂ ಒಂದು ಕಾರಣ ಇರಬಹುದು.

ಬಡ್ಡಿ ದರಕ್ಕೆ ಮಿತಿ ಇಲ್ಲವೇ? ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದಿತ್ತು. ಬ್ಯಾಂಕುಗಳು ಮೇಲ್ಮನವಿ ಹೋದವು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕರ್ನಾಟಕದಲ್ಲಿ ವಿಪರೀತ ಬಡ್ಡಿ ನಿಷೇಧಿಸುವ 2004ರ ಕಾಯ್ದೆ ಇದೆ, ಅದು ಖಾಸಗಿ ಲೇವಾದೇವಿಗೆ ಸಂಬಂಧಿಸಿದ್ದು. ಬ್ಯಾಂಕಿನ ಕಾರ್ಡಿಗೆ ಅದು ಅಡ್ಡ ಬರುವುದಿಲ್ಲ.

ಮಿನಿಮಮ್‌ನ ಸುಳಿಯಲ್ಲಿ ಇದ್ದೀರಾ ಎಂದು ತಿಳಿಯುವುದು ಹೇಗೆ?

ಹಿಂದಿನ ಮೂರು ಬಿಲ್‌ಗಳನ್ನು ಎದುರಿಗಿಟ್ಟುಕೊಳ್ಳಿ. ‘ಫೈನಾನ್ಸ್ ಚಾರ್ಜಸ್’ ಅಥವಾ ‘ಇಂಟರೆಸ್ಟ್’ ಎಂಬ ಸಾಲು ಮೂರರಲ್ಲೂ ಇದ್ದರೆ ನೀವು ಬಡ್ಡಿರಹಿತ ಅವಧಿ ಕಳೆದುಕೊಂಡಿದ್ದೀರಿ. ಆ ಸಾಲಿನ ಮೊತ್ತಕ್ಕೆ ಜಿಎಸ್‌ಟಿ ಸೇರಿಸಿ, ಆ ತಿಂಗಳು ಕಟ್ಟಿದ ಹಣದಿಂದ ಕಳೆಯಿರಿ. ಉಳಿದದ್ದಷ್ಟೇ ನಿಜವಾಗಿ ತೀರಿದ ಸಾಲ.

ಆಮೇಲೆ ಆಟೋಪೇ ನೋಡಿ. ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಹೋಗುವಂತೆ ಮಾಡಿಸುವಾಗ ‘ಟೋಟಲ್’ ಮತ್ತು ‘ಮಿನಿಮಮ್’ ಎಂಬ ಎರಡು ಆಯ್ಕೆಗಳಿರುತ್ತವೆ. ಎರಡನೆಯದು ಆಯ್ಕೆಯಾಗಿದ್ದರೆ ಪ್ರತಿ ತಿಂಗಳೂ ‘ಪೇಮೆಂಟ್ ಆಗಿದೆ’ ಎಂಬ ಮೆಸೇಜ್ ಬರುತ್ತದೆ, ಎಲ್ಲವೂ ಸರಿಯಿದೆ ಎನಿಸುತ್ತದೆ, ಸಾಲ ಮಾತ್ರ ಇದ್ದಲ್ಲೇ ಇರುತ್ತದೆ.

ಕೊನೆಗೊಂದು ಮಾತು, ಪೂರ್ತಿ ತೀರಿಸಿದವರಿಗೆ. ಬಾಕಿ ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಬಡ್ಡಿ ಬಂದರೆ ಗಾಬರಿಯಾಗಬೇಡಿ. ಬಿಲ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು, ಹಿಂದಿನ ಬಿಲ್ಲಿಗೆ ಸೇರಿರಲಿಲ್ಲ. ಅದನ್ನೂ ಪೂರ್ತಿ ಕಟ್ಟಿ. ಅದನ್ನು ‘ಚಿಲ್ಲರೆ’ ಎಂದು ಬಿಟ್ಟರೆ ಬಾಕಿ ಮತ್ತೆ ಉಳಿಯುತ್ತದೆ, ಬಡ್ಡಿರಹಿತ ದಿನಗಳು ಮತ್ತೆ ತಪ್ಪಿಹೋಗುತ್ತವೆ. ‘ಫೈನಾನ್ಸ್ ಚಾರ್ಜಸ್’ ಎದುರು ಸೊನ್ನೆ ಇರುವ ಬಿಲ್ ಕೈಗೆ ಬಂದಾಗ ಮಾತ್ರ ಆ ಸಾಲ ಮುಗಿಯಿತು ಎಂದುಕೊಳ್ಳಿ.